ಮೂರನೇ ಪುಟ ಎಲ್ಲಿ?

2024ರ ಮೇ 24, ಶುಕ್ರವಾರ. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನನ್ನ ಮೊಬೈಲು ಒಂದರ ಹಿಂದೆ ಒಂದು ಮೂರು ಸಲ ಟಿಂಗ್ ಎಂದಿತು. ತಂಗಿಯ ಮಗಳು ಬೆಂಗಳೂರಿನಿಂದ ಮೂರು ಸ್ಕ್ರೀನ್‌ಶಾಟ್ ಕಳಿಸಿದ್ದಳು. ಕೆಳಗೆ ಒಂದು ಸಾಲು: "ಮಾವ, ಸೋಮವಾರ ಸೈನ್ ಮಾಡ್ಬೇಕಂತೆ. ಇದ್ರಲ್ಲಿ ಏನಿದೆ ಅಂತ ಎರಡೇ ಮಾತಲ್ಲಿ ಹೇಳ್ಬಿಡಿ."

ನಾನು ಹಾಸನದಲ್ಲಿ ಮೂವತ್ತು ವರ್ಷದಿಂದ ವಕೀಲಿಕೆ ಮಾಡಿಕೊಂಡಿರುವವನು. ಕಾಗದಪತ್ರ ಓದುವುದು ನನ್ನ ಹೊಟ್ಟೆಪಾಡು. ಆದರೂ ಬಾಡಿಗೆ ಕರಾರನ್ನು ಎರಡು ಮಾತಲ್ಲಿ ಹೇಳುವುದು ನನ್ನಿಂದ ಆಗದು. ಒಂದು ಚೀಟಿಯಲ್ಲಿ ಹೇಳಬಹುದು. ಆ ರಾತ್ರಿ ನಾವಿಬ್ಬರೂ ಫೋನಿನಲ್ಲೇ ಕೂತು ಅಂಥದೊಂದು ಚೀಟಿ ಮಾಡಿದೆವು. ಮೊದಲ ಸಲ ಬಾಡಿಗೆ ಮನೆ ಹಿಡಿಯುವ ಯಾರಿಗಾದರೂ ಉಪಯೋಗವಾದೀತು ಅನ್ನಿಸಿ, ಅದನ್ನು ಮಾಡಿದ ಬಗೆಯನ್ನೇ ಇವತ್ತು ನಿಮಗೆ ಹೇಳುತ್ತೇನೆ.

ಮನೆ ಇದ್ದದ್ದು ವಿಜಯನಗರದಲ್ಲಿ. ಮೊದಲನೇ ಮಹಡಿ, ಒಂದು ಹಾಲು, ಒಂದು ರೂಮು, ಅಡುಗೆಮನೆ. ಮಾಲೀಕರು ಕೆಳಗಡೆ ಮನೆಯಲ್ಲೇ ಇರುವವರು, ನಿವೃತ್ತರು, ಒಳ್ಳೆಯ ಜನ. ಕರಾರು ಇಂಗ್ಲಿಷಿನಲ್ಲಿತ್ತು. ಬೆಂಗಳೂರಿನಲ್ಲಿ ಮಾಲೀಕರೂ ಕನ್ನಡದವರು, ಬಾಡಿಗೆದಾರರೂ ಕನ್ನಡದವರು, ಟೈಪು ಮಾಡುವವನೂ ಕನ್ನಡದವನು; ಕರಾರು ಮಾತ್ರ ಇಂಗ್ಲಿಷಿನಲ್ಲಿ. ಇರಲಿ.

ನಾನು ಮೊದಲು ಕೇಳಿದ್ದು ಬಾಡಿಗೆ ಎಷ್ಟು ಅಂತಲ್ಲ. "ಪುಟ್ಟಿ, ಮೂರನೇ ಪುಟ ಎಲ್ಲಿ?" ಅಂತ ಕೇಳಿದೆ. ಅವಳಿಗೆ ಆಶ್ಚರ್ಯ. "ಮೂರೂ ಕಳ್ಸಿದೀನಲ್ಲ ಮಾವ?" ಮೂರು ಚಿತ್ರ ಇದ್ದದ್ದೇನೋ ನಿಜ. ಆದರೆ ಎರಡನೇ ಚಿತ್ರ ಒಂಬತ್ತನೇ ಷರತ್ತಿಗೆ ಮುಗಿದಿತ್ತು, ಮೂರನೇ ಚಿತ್ರ ಹದಿನಾಲ್ಕನೇ ಷರತ್ತಿನಿಂದ ಶುರುವಾಗಿತ್ತು. ನಡುವೆ ಒಂದು ಹಾಳೆಯೇ ಬಂದಿರಲಿಲ್ಲ. ಅದೂ ಹೋಗಲಿ, ಒಂಬತ್ತನೇ ಷರತ್ತು ಹೇಗೆ ನಿಂತಿತ್ತು ಗೊತ್ತೇ? ಮನೆ ಖಾಲಿ ಮಾಡುವಾಗ ಮಾಲೀಕರು ಮುಂಗಡವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸತಕ್ಕದ್ದು ಎಂದು ಹೇಳಿ, ಹಾಳೆಯ ಕಟ್ಟಕಡೆಯ ಸಾಲಿನಲ್ಲಿ 'ಸಬ್ಜೆಕ್ಟ್ ಟು' ಎಂಬಲ್ಲಿಗೆ ತುಂಡಾಗಿತ್ತು. ಇದಕ್ಕೆ ಒಳಪಟ್ಟು ಎಂದರ್ಥ. ಯಾವುದಕ್ಕೆ ಒಳಪಟ್ಟು ಅನ್ನುವುದು ಬಾರದ ಆ ಹಾಳೆಯ ನೆತ್ತಿಯ ಮೇಲಿತ್ತು.

ಬ್ರೋಕರು ಬೇಕೆಂದೇ ಬಿಟ್ಟಿದ್ದ ಅಂತ ನಾನು ಹೇಳುವುದಿಲ್ಲ. ಫೋನಿನಲ್ಲಿ ಪಿಡಿಎಫ್ ತೆರೆದು, ಪುಟಪುಟಕ್ಕೂ ಸ್ಕ್ರೀನ್‌ಶಾಟ್ ತೆಗೆದು ಕಳಿಸುವಾಗ ಬೆರಳು ಜಾರಿ ಒಂದು ಪುಟ ಹಾರಿಹೋಗುವುದು ಮಾಮೂಲು. ಅದಕ್ಕೇ ಸ್ಕ್ರೀನ್‌ಶಾಟ್ ಕೈಗೆ ಬಂದಾಗ ಓದುವುದಕ್ಕೆ ಮುಂಚೆ ಷರತ್ತುಗಳ ಸಂಖ್ಯೆಯನ್ನು ಒಂದರಿಂದ ಕೊನೆಯವರೆಗೆ ಬೆರಳಿಟ್ಟು ಎಣಿಸಬೇಕು. ಪ್ರತಿ ಪುಟದ ಕೊನೆಯ ಸಾಲು ಮುಂದಿನ ಪುಟದ ಮೊದಲ ಸಾಲಿಗೆ ಕೂಡುತ್ತದೆಯೇ ನೋಡಬೇಕು. ಕೂಡದಿದ್ದರೆ ಪಿಡಿಎಫ್ ಅನ್ನೇ ಕಳಿಸಿ ಅಂತ ಕೇಳಬೇಕು. ಅವಳು ಕೇಳಿದಳು, ಹತ್ತು ನಿಮಿಷದಲ್ಲಿ ಬಂತು. ನಾಲ್ಕು ಪುಟ.

ಆಮೇಲೆ ಒಂದು ಖಾಲಿ ಹಾಳೆ ತೆಗೆದು ಮೂರು ಪಾಲು ಮಾಡು ಅಂದೆ. ಒಂದಕ್ಕೆ ತಾರೀಖು, ಇನ್ನೊಂದಕ್ಕೆ ದುಡ್ಡು, ಮತ್ತೊಂದಕ್ಕೆ ಹೊಣೆ ಎಂಬ ತಲೆಬರಹ. ಪ್ರತಿ ಸಾಲಿನ ಪಕ್ಕದಲ್ಲೂ ಅದು ಯಾವ ಷರತ್ತಿನಿಂದ ಬಂತೋ ಆ ಸಂಖ್ಯೆ ಬರೆಯಬೇಕು. ಇದೊಂದನ್ನು ನಾನು ಹಟ ಹಿಡಿದು ಮಾಡಿಸುತ್ತೇನೆ. ಸಂಖ್ಯೆ ಇಲ್ಲದ ಸಾಲು ನಮ್ಮ ಊಹೆಯಾಗಿರುತ್ತದೆ, ಇಲ್ಲವೇ ಬ್ರೋಕರ್ ಬಾಯಿಮಾತಾಗಿರುತ್ತದೆ. ಎರಡೂ ಕರಾರಲ್ಲ.

ಹೊಣೆಯ ಪಾಲಿಗೆ ಹೋಗುವ ಮುಂಚೆ ಎರಡು ಪದ ಬಿಡಿಸಿಕೊಳ್ಳಬೇಕು. ಇಂಗ್ಲಿಷ್ ಕರಾರುಗಳಲ್ಲಿ ಮನೆ ಕೊಡುವವರು ಲೆಸ್ಸರ್, ಮನೆ ಹಿಡಿಯುವವರು ಲೆಸ್ಸೀ. ಕೊನೆಯಲ್ಲಿ ಎರಡು ಅಕ್ಷರದ ವ್ಯತ್ಯಾಸ, ಅಷ್ಟೇ. ಮಸುಕಾದ ಸ್ಕ್ರೀನ್‌ಶಾಟಿನಲ್ಲಿ ಆ ಎರಡು ಅಕ್ಷರ ಕಾಣದೆ ಹೋದರೆ ಮಾಲೀಕರ ಕೆಲಸ ನಿಮ್ಮ ತಲೆಗೆ ಬರುತ್ತದೆ, ನಿಮ್ಮ ಕೆಲಸ ಅವರ ತಲೆಗೆ ಹೋಗುತ್ತದೆ. ನಮ್ಮ ಹುಡುಗಿಯೂ ಮೊದಲ ಓದಿನಲ್ಲಿ ಮನೆ ಕಂದಾಯ ತಾನೇ ಕಟ್ಟಬೇಕೆಂದು ಬರೆದುಕೊಂಡಿದ್ದಳು. ಅದು ಲೆಸ್ಸರ್ ಕೆಲಸ. ಎಲ್ಲಿ ಲೆಸ್ಸೀ ಎಂದಿದೆಯೋ ಅಲ್ಲೆಲ್ಲ 'ನಾನು' ಅಂತ, ಲೆಸ್ಸರ್ ಎಂದಿರುವಲ್ಲಿ 'ಅಂಕಲ್' ಅಂತ ಓದಿಕೋ ಅಂದೆ. ಆಮೇಲೆ ತಪ್ಪಲಿಲ್ಲ.

ಈಗ ತಾರೀಖು. ಕರಾರಿನ ಮೊದಲ ಸಾಲಿನಲ್ಲಿ 2024ರ ಮೇ 27 ಎಂದಿತ್ತು. ಅದು ಸಹಿ ಹಾಕುವ ದಿನ. ಬಾಡಿಗೆ ಶುರುವಾಗುವ ದಿನ ಬೇರೆ, ಅದು ಎರಡನೇ ಷರತ್ತಿನಲ್ಲಿ: 2024ರ ಜೂನ್ 1ರಿಂದ 11 ತಿಂಗಳು. ಹೊಸಬರು ಇವೆರಡನ್ನು ಒಂದೇ ಮಾಡಿಕೊಂಡುಬಿಡುತ್ತಾರೆ. ಎಣಿಸಬೇಕಾದದ್ದು ಜೂನ್ 1ರಿಂದ. ಹಾಗೆ ಎಣಿಸಿದರೆ ಹನ್ನೊಂದು ತಿಂಗಳು ಮುಗಿಯುವುದು 2025ರ ಏಪ್ರಿಲ್ 30ಕ್ಕೆ. ಹುಡುಗಿ ಮೇ 31 ಅಂದಿದ್ದಳು. ಅದು ಹನ್ನೆರಡು ತಿಂಗಳ ಲೆಕ್ಕ.

ಹನ್ನೊಂದೇ ಯಾಕೆ ಅಂತ ಅವಳೂ ಕೇಳಿದಳು, ನೀವೂ ಕೇಳಿಕೊಂಡಿರಬಹುದು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಅವಧಿಗೆ ಮನೆಯನ್ನು ಗುತ್ತಿಗೆ ಕೊಟ್ಟರೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟವೂ ಬೇಡ, ಖರ್ಚೂ ಬೇಡ ಎಂದು ಜನ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ.

ತಾರೀಖಿನ ಪಾಲಿನಲ್ಲಿ ಮುಂದಿನದು, ಪ್ರತಿ ಇಂಗ್ಲಿಷ್ ತಿಂಗಳ 5ರೊಳಗೆ ಬಾಡಿಗೆ ಕೊಡತಕ್ಕದ್ದು ಅನ್ನುವ ಮಾತು. ಇಲ್ಲಿ ನೋಡಬೇಕಾದ ಪದ ಒಂದೇ: ಮುಂಗಡವಾಗಿಯೋ, ತಿಂಗಳು ಮುಗಿದ ಮೇಲೋ? ಇವಳ ಕರಾರಿನಲ್ಲಿ ಮುಂಗಡವಾಗಿ ಎಂದಿತ್ತು. ಹಾಗಾಗಿ ಜೂನ್ 5ರೊಳಗೆ ಕೊಡುವುದು ಜೂನ್ ತಿಂಗಳದ್ದೇ ಬಾಡಿಗೆ. ಖಾಲಿ ಮಾಡುವ ತಿಂಗಳಲ್ಲಿ ಜಗಳ ಹುಟ್ಟುವ ಜಾಗ ಇದು. ಕೊನೆಯ ತಿಂಗಳ ಬಾಡಿಗೆ ಬಾಕಿ ಇದೆಯೋ ಇಲ್ಲವೋ ಎಂದು ಇಬ್ಬರೂ ಒಂದೊಂದು ಲೆಕ್ಕ ಹೇಳುತ್ತಾರೆ.

ಈಗ ಬಂತು ನೋಡಿ ಆ ಕರಾರಿನಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಜಾಗ. ಏಳನೇ ಷರತ್ತು ಹೇಳುತ್ತದೆ, ಮೊದಲ ಆರು ತಿಂಗಳು ಲಾಕ್-ಇನ್ ಅವಧಿ. ಅಷ್ಟರೊಳಗೆ ಬಾಡಿಗೆದಾರರು ಮನೆ ಬಿಟ್ಟರೆ ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಹಿಡಿದುಕೊಳ್ಳಲಾಗುವುದು. ಹುಡುಗಿ ಇದನ್ನು ಸರಿಯಾಗಿಯೇ ಬರೆದಿದ್ದಳು: ನವೆಂಬರ್ 30ರವರೆಗೆ ಬಿಡುವ ಹಾಗಿಲ್ಲ. ಎಂಟನೇ ಷರತ್ತು ಹೇಳುತ್ತದೆ, ಲಾಕ್-ಇನ್ ಮುಗಿದ ನಂತರ ಯಾರೇ ಆಗಲಿ ಎರಡು ತಿಂಗಳ ಲಿಖಿತ ನೋಟಿಸು ಕೊಟ್ಟು ಕರಾರು ಕೊನೆಗೊಳಿಸಬಹುದು. ಇದನ್ನೂ ಬರೆದಿದ್ದಳು: ನೋಟಿಸು, ಎರಡು ತಿಂಗಳು. ಎರಡು ಸಾಲೂ ಸರಿ. ಆದರೆ ಎರಡನ್ನೂ ಕೂಡಿಸಿ ಓದಿರಲಿಲ್ಲ.

ಕೂಡಿಸಿ ಓದಿ ನೋಡಿ. ನೋಟಿಸು ಕೊಡಲು ಅವಕಾಶ ಇರುವುದೇ ಲಾಕ್-ಇನ್ ಮುಗಿದ ಮೇಲೆ. ಲಾಕ್-ಇನ್ ಮುಗಿಯುವುದು ನವೆಂಬರ್ 30ಕ್ಕೆ. ಅಲ್ಲಿಂದ ಎರಡು ತಿಂಗಳು ಅಂದರೆ ಡಿಸೆಂಬರ್, ಜನವರಿ. ಅಂದ ಮೇಲೆ ದಂಡವಿಲ್ಲದೆ ಆ ಮನೆಯಿಂದ ಹೊರಬರಲು ಸಾಧ್ಯವಿರುವ ಮೊದಲ ದಿನ 2025ರ ಜನವರಿ 31. ಆರು ತಿಂಗಳ ಲಾಕ್-ಇನ್ ಎಂದು ಹೇಳಿ ಮಾರಿದ್ದು ಎಂಟು ತಿಂಗಳು. ಕರಾರಿನಲ್ಲಿ ಎಂಟು ತಿಂಗಳು ಅನ್ನುವ ಮಾತು ಎಲ್ಲೂ ಇಲ್ಲ! ಸ್ಕ್ರೀನ್‌ಶಾಟಿನಲ್ಲಿ ಕಂಡ ಅಂಕಿಗಳನ್ನು ಆರಿಸಿ ಚೀಟಿಗೆ ಇಳಿಸಿದರೆ ಸಾಲದು ಅನ್ನುವುದು ಇದಕ್ಕೇ. ಚೀಟಿಯಲ್ಲಿ ಇರಬೇಕಾದ ತಾರೀಖು ಕೆಲವು ಸಲ ಕರಾರಿನಲ್ಲಿ ಅಚ್ಚಾಗಿರುವುದೇ ಇಲ್ಲ. ಎರಡು ಷರತ್ತು ಸೇರಿ ಹುಟ್ಟಿಸುವ ತಾರೀಖನ್ನು ನಾವೇ ಎಣಿಸಿ ಬರೆಯಬೇಕು.

ಈ ವಿಷಯವನ್ನು ಮಾಲೀಕರಿಗೆ ಹೇಳು ಅಂದೆ. ಅವಳಿಗೆ ಸಂಕೋಚ. "ಮನೆ ಕೊಡಲ್ಲ ಅಂದ್ಬಿಟ್ರೆ?" ಅಂದಳು. ಮಾರನೆ ದಿನ ಹೇಗೋ ಧೈರ್ಯ ಮಾಡಿ ಕೇಳಿದ್ದಾಳೆ. ಅವರು ನಕ್ಕು, "ಹಂಗೇನಿಲ್ಲಮ್ಮ, ಆರು ತಿಂಗಳು ಇದ್ರೆ ಸಾಕು. ನೋಟಿಸು ಮುಂಚೇನೇ ಕೊಡಿ" ಅಂದರಂತೆ. ಅವರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಟೈಪು ಮಾಡುವ ಅಂಗಡಿಯ ಕಂಪ್ಯೂಟರಿನಲ್ಲಿ ಹತ್ತು ವರ್ಷದಿಂದ ಇದ್ದ ನಮೂನೆ ಅದು. ಹೆಸರು, ತಾರೀಖು ಬದಲಾಗುತ್ತಾ ಬಂದಿತ್ತು, ಅಷ್ಟೇ. ಲಾಕ್-ಇನ್ ಅವಧಿಯೊಳಗೂ ನೋಟಿಸು ಕೊಡಬಹುದು ಎಂದು ಒಂದು ಸಾಲು ಸೇರಿಸಲು ಒಪ್ಪಿದರು. ಚೀಟಿಯಲ್ಲಿ ಆ ತಾರೀಖು ಜನವರಿ 31ರಿಂದ ನವೆಂಬರ್ 30ಕ್ಕೆ ಬಂತು, ಆಗ ನೋಟಿಸಿನ ಗಡುವು ಸೆಪ್ಟೆಂಬರ್ 30.

ಇನ್ನೊಂದು ಲೆಕ್ಕ ಇದೇ ಜಾತಿಯದು. ಪೂರಾ ಹನ್ನೊಂದು ತಿಂಗಳಿದ್ದು ಏಪ್ರಿಲ್ 30ಕ್ಕೆ ಬಿಡುವುದಾದರೆ ನೋಟಿಸು ಯಾವಾಗ ಕೊಡಬೇಕು? ಮಾರ್ಚ್, ಏಪ್ರಿಲ್ ಎರಡು ಪೂರ್ತಿ ತಿಂಗಳು ಸಿಗಬೇಕು. ಆದ್ದರಿಂದ ಫೆಬ್ರವರಿ 28ರೊಳಗೆ. ಮಾರ್ಚ್ 5ಕ್ಕೆ ಬಾಡಿಗೆ ಕೊಡುವಾಗ ಹೇಳಿದರಾಯಿತು ಅಂದುಕೊಂಡವರು ಮೇ ತಿಂಗಳ ಬಾಡಿಗೆಯನ್ನೂ ಕೊಟ್ಟು ಬರುತ್ತಾರೆ. ಚೀಟಿಯಲ್ಲಿ ನಾನು ಕೆಂಪು ಪೆನ್ನಿನಲ್ಲಿ ಬರೆಸಿದ್ದು ಈ ಫೆಬ್ರವರಿ 28 ಒಂದನ್ನೇ. ಕರಾರು ಮುಗಿಯುವ ದಿನ ಯಾರಿಗಾದರೂ ನೆನಪಿರುತ್ತದೆ. ಬಾಯಿ ಬಿಡಬೇಕಾದ ದಿನ ಮರೆತುಹೋಗುತ್ತದೆ.

ನೋಟಿಸಿನ ಮಾತೇ ಇಲ್ಲದ ಕರಾರೂ ಇರುತ್ತದೆ. ಆಗ ತಿಂಗಳ ಬಾಡಿಗೆಯ ಮನೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಹದಿನೈದು ದಿನದ ನೋಟಿಸು ಸಾಕು ಅನ್ನುತ್ತದೆ. ಕರಾರಿನಲ್ಲಿ ಎರಡು ತಿಂಗಳು ಎಂದು ಬರೆದು ಸಹಿ ಹಾಕಿದ ಮೇಲೆ ಆ ಹದಿನೈದು ದಿನ ಲೆಕ್ಕಕ್ಕಿಲ್ಲ. ಅವಧಿ ಮುಗಿದ ಮೇಲೂ ಹೊಸ ಕರಾರು ಮಾಡದೆ ಹಾಗೇ ಇದ್ದು, ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳು ಇರುವುದೇ ಹೀಗೆ.

ಇನ್ನು ದುಡ್ಡಿನ ಪಾಲು. ಬಾಡಿಗೆ 15,000 ರೂಪಾಯಿ. ಮೊದಲು ಬಂದ ಸ್ಕ್ರೀನ್‌ಶಾಟಿನಲ್ಲಿ ಆ ಐದು ಮಸುಕಾಗಿ ಆರರ ಹಾಗೆ ಕಾಣುತ್ತಿತ್ತು. ಇಂಥ ಅನುಮಾನ ಬಂದರೆ ಪಕ್ಕದಲ್ಲಿ ಅಕ್ಷರದಲ್ಲಿ ಬರೆದದ್ದನ್ನು ನೋಡಬೇಕು. ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಸಾಮಾನ್ಯವಾಗಿ ಅಕ್ಷರದ ಮಾತೇ ನಡೆಯುತ್ತದೆ. ಆದರೆ ಹೊಂದದೆ ಇರುವುದು ಕಣ್ಣಿಗೆ ಬಿದ್ದ ಮೇಲೆ ತಿದ್ದಿಸದೆ ಬಿಡಬಾರದು. ಇಲ್ಲಿ ಅಕ್ಷರದಲ್ಲಿ ಹದಿನೈದು ಸಾವಿರವೇ ಇತ್ತು. ಮೇಂಟೆನೆನ್ಸ್ 1,000, ನೀರು ಅದರಲ್ಲೇ ಸೇರಿದೆ. ಕರೆಂಟು ಮೀಟರಿನ ಪ್ರಕಾರ. ಕರಾರು ನವೀಕರಿಸಿದರೆ ಬಾಡಿಗೆ ಶೇ. 5 ಹೆಚ್ಚಳ. ಶೇಕಡಾವಾರನ್ನು ಚೀಟಿಯಲ್ಲಿ ಹಾಗೇ ಬಿಡಬಾರದು, ರೂಪಾಯಿ ಮಾಡಿ ಬರೆಯಬೇಕು: 15,750.

ಮುಂಗಡಕ್ಕೆ ಬಂದಾಗ ಒಂದು ಎಡವಟ್ಟು ಸಿಕ್ಕಿತು. ಮಾತಾಡಿದ್ದು ಒಂದು ಲಕ್ಷ. ಕರಾರಿನಲ್ಲಿದ್ದದ್ದು 90,000. "ಇದೇನೇ?" ಅಂದೆ. "ಹತ್ತು ಸಾವಿರ ಆಗ್ಲೇ ಕೊಟ್ಟಿದೀನಲ್ಲ ಮಾವ, ಟೋಕನ್" ಅಂದಳು. ಮೇ 19ರ ಭಾನುವಾರ ಮನೆ ನೋಡಲು ಹೋದಾಗ, ಬೇರೆಯವರು ಹಿಡಿದುಬಿಟ್ಟಾರು ಎಂದು ಬ್ರೋಕರು ಅವಸರಿಸಿದ್ದಕ್ಕೆ ಮಾಲೀಕರಿಗೆ ಫೋನಿನಲ್ಲೇ 10,000 ಕಳಿಸಿದ್ದಳು. ಉಳಿದ 90,000 ಸಹಿ ಹಾಕುವ ದಿನ ಕೊಡುವುದು. ಟೈಪು ಮಾಡುವವನು ಅವತ್ತು ಕೈ ಬದಲಾಗುವ ಹಣವನ್ನಷ್ಟೇ ಬರೆದಿದ್ದ. ಒಂದು ವರ್ಷ ಬಿಟ್ಟು ಮನೆ ಖಾಲಿ ಮಾಡುವಾಗ ಕರಾರಿನಲ್ಲಿ ಇರುವುದು ತೊಂಬತ್ತೇ. ಮಾಲೀಕರು ಎಷ್ಟೇ ಒಳ್ಳೆಯವರಿರಲಿ, ಆ ಹೊತ್ತಿಗೆ ಅವರಿಗೆ ಟೋಕನ್ ನೆನಪಿರದೇ ಹೋಗಬಹುದು. ಮಾತಾಡಲು ಅವರ ಮಗ ಬಂದರಂತೂ ಅವನಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಮುಂಗಡದ ಷರತ್ತನ್ನು ಬದಲಿಸಿ ಬರೆಸಿದೆವು: ಒಟ್ಟು ಮುಂಗಡ ಒಂದು ಲಕ್ಷ, ಅದರಲ್ಲಿ ಮೇ 19ರಂದು 10,000 ಇಂಥ ವಹಿವಾಟು ಸಂಖ್ಯೆಯಲ್ಲಿ ಸಂದಿದೆ, ಮೇ 27ರಂದು 90,000 ಸಂದಿದೆ ಎಂದು.

ಒಂದು ಲಕ್ಷ ಅಂದರೆ ಆರೂವರೆ ತಿಂಗಳ ಬಾಡಿಗೆಯ ಮೇಲಾಯಿತು. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎಂದಿದೆ. ಆದರೆ ಅದು ಬರೀ ಮಾದರಿ. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಹಳೇ ರೂಢಿಯ ಮುಂದೆ ಇವಳದ್ದು ಕಡಿಮೆಯೇ ಅನ್ನಬೇಕು.

ಈಗ ಆ ಮೂರನೇ ಪುಟ. ಒಂಬತ್ತನೇ ಷರತ್ತಿನ ಉಳಿದರ್ಧ ಅಲ್ಲಿತ್ತು. ಯಾವುದಕ್ಕೆ ಒಳಪಟ್ಟು? ಬಾಕಿ ಬಾಡಿಗೆ, ಬಾಕಿ ಕರೆಂಟ್ ಬಿಲ್ಲು, ಹಾಳಾದ ಸಾಮಾನಿನ ಖರ್ಚು, ಮತ್ತು ಹತ್ತನೇ ಷರತ್ತಿನಲ್ಲಿ ಹೇಳಿದ ಮೊತ್ತ. ಹತ್ತನೇ ಷರತ್ತು ಒಂದೇ ಸಾಲಿನದು: ಮನೆ ಖಾಲಿ ಮಾಡುವಾಗ ಪೇಂಟಿಂಗ್ ಮತ್ತು ಕ್ಲೀನಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಕಳೆಯಲಾಗುವುದು. ಬೆಂಗಳೂರಿನಲ್ಲಿ ಇದ್ದವರಿಗೆ ಇದು ಹೊಸದಲ್ಲ. ಹಾಸನದಿಂದ ಹೋದ, ಇಪ್ಪತ್ತಮೂರು ವರ್ಷದ ಹುಡುಗಿಗೆ ಹೊಸದು. "ನಾನು ಗೋಡೆ ಮುಟ್ಟದೇ ಇದ್ರೂನಾ?" ಅಂದಳು. ಮುಟ್ಟದೇ ಇದ್ದರೂ.

ಕಾಯ್ದೆ ಈ ವಿಷಯದಲ್ಲಿ ಬಾಡಿಗೆದಾರರ ಕಡೆಗೇ ಸ್ವಲ್ಪ ವಾಲುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ, ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಬಳಕೆಯಿಂದಾದ ಸಹಜ ಸವೆತವನ್ನು ಬಿಟ್ಟು ಅನ್ನುತ್ತದೆ. ಮಸುಕಾದ ಬಣ್ಣ ಸಹಜ ಸವೆತವೇ. ಆದರೆ ಅದೇ ಕಲಂ ತಲೆಯಲ್ಲೇ ಒಂದು ಮಾತು ಹೇಳಿಬಿಟ್ಟಿದೆ: ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ. ಇಲ್ಲಿ ಕರಾರೂ ಇದೆ, ರೂಢಿಯೂ ಇದೆ. ಹಾಗಾಗಿ ದುಡ್ಡಿನ ಪಾಲಿನಲ್ಲಿ ಮುಂಗಡ ಒಂದು ಲಕ್ಷ ಎಂದು ಬರೆದ ಸಾಲಿನ ಕೆಳಗೇ ಇನ್ನೊಂದು ಸಾಲು ಬರೆಸಿದೆ: ವಾಪಸು ಬರುವುದು ಹೆಚ್ಚೆಂದರೆ 85,000. ಮುಂದಿನ ಮನೆಗೆ ಮುಂಗಡ ಹೊಂದಿಸುವಾಗ ಲೆಕ್ಕಕ್ಕೆ ಹಿಡಿಯಬೇಕಾದ ಅಂಕಿ ಇದು.

ಮುಂಗಡ ಯಾವತ್ತು ಕೈಗೆ ಬರುತ್ತದೆ? ಪಿಡಿಎಫ್ ಪೂರ್ತಿ ಹುಡುಕಿದರೂ ತಾರೀಖಿಲ್ಲ. ಖಾಲಿ ಮಾಡಿದ 'ನಂತರ' ಎಂದಿತ್ತು. ಇಂಥ ಕಡೆ ಚೀಟಿಯಲ್ಲಿ ನಮಗೆ ತೋಚಿದ್ದನ್ನು ಬರೆಯದೆ 'ಹೇಳಿಲ್ಲ, ಕೇಳಬೇಕು' ಅಂತ ಬರೆಯಬೇಕು. ಕೇಳಿದ ಮೇಲೆ, ಬೀಗದ ಕೈ ಒಪ್ಪಿಸಿದ ಏಳು ದಿನದೊಳಗೆ ಎಂದು ಸೇರಿತು.

ಸಹಿಯ ದಿನದಿಂದ ಜೂನ್ ಮೊದಲ ವಾರದೊಳಗೆ ಬ್ಯಾಂಕಿನಲ್ಲಿ ಎಷ್ಟಿರಬೇಕು ಅನ್ನುವುದನ್ನೂ ಕೂಡಿಸಿದೆವು. ಬಾಕಿ ಮುಂಗಡ 90,000, ಜೂನ್ ಬಾಡಿಗೆ 15,000, ಮೇಂಟೆನೆನ್ಸ್ 1,000, ಒಟ್ಟು 1,06,000. ಇದರ ಮೇಲೆ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, 15,000. ಆ ಹದಿನೈದು ಸಾವಿರ ಕರಾರಿನಲ್ಲಿ ಎಲ್ಲೂ ಇಲ್ಲ, ಇರುವುದೂ ಇಲ್ಲ. ಚೀಟಿಯಲ್ಲಿ ಷರತ್ತಿನ ಸಂಖ್ಯೆ ಇಲ್ಲದೆ ನಿಂತ ಒಂದೇ ಸಾಲು ಅದು. ಪಕ್ಕದಲ್ಲಿ 'ಬಾಯಿಮಾತು' ಅಂತ ಬರೆದಳು.

ಹೊಣೆಯ ಪಾಲು ದೊಡ್ಡದಾಗಿ ಕಾಣುತ್ತದೆ, ಆದರೆ ಬೇಗ ಮುಗಿಯುತ್ತದೆ. ಒಳಬಾಡಿಗೆ ಕೊಡಬಾರದು, ವ್ಯಾಪಾರ ನಡೆಸಬಾರದು, ನೆರೆಹೊರೆಗೆ ತೊಂದರೆ ಮಾಡಬಾರದು, ಮಾಲೀಕರು ಹೇಳಿ ಬಂದರೆ ಮನೆ ನೋಡಲು ಬಿಡಬೇಕು. ಇವೆಲ್ಲ ಎಲ್ಲ ಕರಾರಿನಲ್ಲೂ ಇರುವಂಥವು. ಇವನ್ನು ಒಂದೇ ಸಾಲಿಗೆ ಒತ್ತಿಬಿಡಬಹುದು. ಜಾಗ ಕೊಡಬೇಕಾದದ್ದು ಮುಂಗಡದಿಂದ ಹಣ ಕಳೆಯುವ ಹೊಣೆಗಳಿಗೆ. ಇವಳ ಕರಾರಿನಲ್ಲಿ ಅಂಥವು ಎರಡಿದ್ದವು. ಒಂದು, ಹನ್ನೆರಡನೇ ಷರತ್ತು: ನಲ್ಲಿ, ಸ್ವಿಚ್ಚು, ಬಲ್ಬಿನಂಥ ಸಣ್ಣ ರಿಪೇರಿ ಬಾಡಿಗೆದಾರರದ್ದು, ಗೋಡೆಯ ಸೋರಿಕೆ, ಪೈಪು, ಒಳಗಿನ ವೈರಿಂಗ್ ಮಾಲೀಕರದ್ದು. ಇನ್ನೊಂದು ನಾಲ್ಕನೇ ಪುಟದ ಷೆಡ್ಯೂಲಿನಲ್ಲಿ ಅಡಗಿತ್ತು. ಷೆಡ್ಯೂಲ್ ಅಂದರೆ ಮನೆಯ ವಿವರ, ಚಕ್ಕುಬಂದಿ ಎಂದುಕೊಂಡು ಜನ ಅದನ್ನು ಓದುವುದೇ ಇಲ್ಲ. ಅದರ ಕೆಳಗೆ ಸಾಮಾನುಗಳ ಪಟ್ಟಿ ಇತ್ತು: ಫ್ಯಾನು ಎರಡು, ಟ್ಯೂಬ್‌ಲೈಟು ಮೂರು, ಗೀಸರು ಒಂದು, ಬಚ್ಚಲಮನೆ ಕನ್ನಡಿ ಒಂದು, ಎಲ್ಲವೂ ಸುಸ್ಥಿತಿಯಲ್ಲಿ.

'ಸುಸ್ಥಿತಿಯಲ್ಲಿ' ಎಂಬ ಆ ಮಾತಿಗೆ ಸಹಿ ಹಾಕುವ ಮುಂಚೆ ಮನೆಗೆ ಹೋಗಿ ಪ್ರತಿಯೊಂದನ್ನೂ ಹಾಕಿ ಆರಿಸಿ ನೋಡು ಅಂದೆ. ಹೋದಳು. ಕನ್ನಡಿಯ ಎಡಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು. ಫೋಟೊ ತೆಗೆದು ಮಾಲೀಕರ ವಾಟ್ಸ್ಆ್ಯಪ್‌ಗೇ ಕಳಿಸಿದಳು. ಅದರಲ್ಲಿ ತಾರೀಖು ತಾನಾಗಿಯೇ ಬೀಳುತ್ತದೆ. ಕರೆಂಟ್ ಮೀಟರಿನ ರೀಡಿಂಗನ್ನೂ ಹಾಗೇ ತೆಗೆದು ಕಳಿಸಿದಳು. ಷೆಡ್ಯೂಲಿನಲ್ಲಿ ಮೀಟರಿನ ಆರ್.ಆರ್. ನಂಬರು ಇತ್ತು, ಅದೂ ಚೀಟಿಗೆ ಬಂತು. ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದಲ್ಲ, ಅದಕ್ಕೆ ಮೀಟರಿನ ವಿವರ ಬೇಕಾಗುತ್ತದೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕರಾರಿನ ಮೊದಲ ಪುಟದಲ್ಲಿ ಎರಡೂ ಕಡೆಯವರ ಆಧಾರ್ ಸಂಖ್ಯೆ ಇರುತ್ತದೆ, ಕೆಲವೊಮ್ಮೆ ಪ್ಯಾನ್ ಕೂಡ. ನಮ್ಮ ಹುಡುಗಿ ಅದೇ ಸ್ಕ್ರೀನ್‌ಶಾಟನ್ನು ನನಗೆ ಮಾತ್ರವಲ್ಲ, ಕಾಲೇಜಿನ ಗೆಳತಿಯರ ಗುಂಪಿಗೂ ಹಾಕಿದ್ದಳು. ಬೈದು ಅಳಿಸಿಹಾಕಿಸಿದೆ. ಯಾರಿಗಾದರೂ ತೋರಿಸಬೇಕಿದ್ದರೆ ಆ ಸಾಲುಗಳನ್ನು ಫೋನಿನಲ್ಲೇ ಮಸಿ ಬಳಿದ ಹಾಗೆ ಮುಚ್ಚಿ ಕಳಿಸಬಹುದು.

ಮತ್ತೆ, ಸ್ಕ್ರೀನ್‌ಶಾಟು ಕರಡು. ಸಹಿ ಬೀಳುವುದು ಇ-ಸ್ಟಾಂಪ್ ಕಾಗದದ ಪ್ರತಿಗೆ. ಸೋಮವಾರ ಅವಳು ಚೀಟಿಯನ್ನು ಕೈಯಲ್ಲಿ ಹಿಡಿದು, ಆ ಪ್ರತಿಯ ಎದುರು ಸಾಲುಸಾಲಾಗಿ ತಾಳೆ ನೋಡಿದಳು. ಚೀಟಿ ಇದ್ದುದರಿಂದ ಕಾಲು ಗಂಟೆಯ ಕೆಲಸ. ಟೋಕನ್ ಸೇರಿತ್ತು, ಏಳು ದಿನ ಸೇರಿತ್ತು. ಲಾಕ್-ಇನ್ ತಿದ್ದುಪಡಿ ಮಾತ್ರ ಸೇರಿರಲಿಲ್ಲ. ಟೈಪು ಮಾಡುವವನು ಮರೆತಿದ್ದ. ಅಲ್ಲೇ ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿದರು.

ಆಮೇಲಿನದು ಇಷ್ಟು. ಮುಂದಿನ ಜನವರಿಯಲ್ಲಿ ಅವಳ ಆಫೀಸು ವೈಟ್‌ಫೀಲ್ಡಿಗೆ ಹೋಯಿತು. ದಿನಾ ಅಷ್ಟು ದೂರ ಓಡಾಡಲಾರದೆ ಮನೆ ಬದಲಿಸುವುದೆಂದು ತೀರ್ಮಾನಿಸಿದಳು. ಫೆಬ್ರವರಿ 25ಕ್ಕೆ ಒಂದು ಹಾಳೆಯಲ್ಲಿ ನೋಟಿಸು ಬರೆದು, ಮಾಲೀಕರ ಕೈಗೆ ಕೊಟ್ಟು, ಇನ್ನೊಂದು ಪ್ರತಿಗೆ 'ತಲುಪಿದೆ' ಎಂದು ಸಹಿ ಮಾಡಿಸಿಕೊಂಡಳು. ಏಪ್ರಿಲ್ 30ಕ್ಕೆ ಬೀಗದ ಕೈ ಒಪ್ಪಿಸಿದಳು. ಕನ್ನಡಿ ಒಡೆದಿದೆಯಲ್ಲ, 1,200 ಆಗುತ್ತದೆ ಎಂದು ಮಾತು ಬಂತಂತೆ. ಹಿಂದಿನ ಮೇ ತಿಂಗಳ ಫೋಟೊ ತೋರಿಸಿದಳು. "ಓ, ಹೌದಲ್ಲ" ಅಂದು ಅವರೂ ಬಿಟ್ಟುಬಿಟ್ಟರು.

ಒಂದು ಲಕ್ಷದಲ್ಲಿ ಪೇಂಟಿಂಗಿಗೆ 15,000 ಹೋಯಿತು, ಕೊನೆಯ ಕರೆಂಟ್ ಬಿಲ್ಲಿಗೆ 612 ಹೋಯಿತು. ಆರನೇ ದಿನ ಅವಳ ಖಾತೆಗೆ 84,388 ರೂಪಾಯಿ ಬಂತು. ಅದೇ ವಾರ ಹೊಸ ಮನೆಯ ಕರಾರಿನ ಸ್ಕ್ರೀನ್‌ಶಾಟ್ ನನ್ನ ಮೊಬೈಲಿಗೆ ಬಂತು. ಈ ಸಲ ಐದು ಪುಟ. ಕೆಳಗೆ ಚೀಟಿಯ ಫೋಟೊ, ಮೂರು ಪಾಲು ಮಾಡಿ, ಷರತ್ತಿನ ಸಂಖ್ಯೆ ಹಾಕಿ, ನೋಟಿಸಿನ ತಾರೀಖನ್ನು ಕೆಂಪಿನಲ್ಲಿ ಬರೆದದ್ದು.